ಮೇಲ್ಗಾಲುವೆಯ ಅಡಿಯ ಸುಣ್ಣದ ಕೊಳವೆಗೆ ವಯಸ್ಸೆಷ್ಟು? ದಾವಣಗೆರೆಯ ಒಂದು ಪ್ರಕರಣ ಅಧ್ಯಯನ

ದಾವಣಗೆರೆ ತಾಲ್ಲೂಕಿನಲ್ಲಿ, ಭದ್ರಾ ನಾಲೆಯ ಅಚ್ಚುಕಟ್ಟಿನೊಳಗೆ, ಒಂದು ಹಳ್ಳವನ್ನು ದಾಟಲು ಕಟ್ಟಿದ ಸಣ್ಣ ಕಾಂಕ್ರೀಟ್ ಮೇಲ್ಗಾಲುವೆ ಇದೆ. ಅದರ ತಳಭಾಗದ ಬಿರುಕೊಂದರ ಉದ್ದಕ್ಕೂ ಬಿಳಿಯ, ಟೊಳ್ಳಾದ, ಬೆರಳು ತಾಗಿದರೆ ಮುರಿಯುವಷ್ಟು ತೆಳುವಾದ ಕೊಳವೆಗಳು ಸಾಲಾಗಿ ಇಳಿಬಿದ್ದಿದ್ದವು. ಅವುಗಳಲ್ಲಿ ಅತಿ ಉದ್ದದ್ದು ಸುಮಾರು 30 ಸೆಂಟಿಮೀಟರ್ ಇತ್ತು; ಹೊರವ್ಯಾಸ ಮೇಲಿಂದ ಕೆಳಗಿನವರೆಗೆ ಒಂದೇ ಸಮನೆ 5 ಮಿಲಿಮೀಟರ್ ಆಸುಪಾಸು. ಕ್ಷೇತ್ರಕಾರ್ಯಕ್ಕೆ ಬಂದ ಪದವಿ ವಿದ್ಯಾರ್ಥಿಗಳು ಉದುರಿ ಬಿದ್ದ ತುಂಡಿನ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಹಾಕಿದಾಗ ಅದು ನೊರೆಯುಕ್ಕಿತು. ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬುದು ಖಚಿತವಾಯಿತು. ಸುಣ್ಣಕಲ್ಲಿನ ಗುಹೆಗಳಲ್ಲಿ ಚಾವಣಿಯಿಂದ ಇಳಿಬೀಳುವ ಸುಣ್ಣದ ರಚನೆಯಾದ ಸ್ಟ್ಯಾಲಕ್ಟೈಟ್ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಹೆಚ್ಚೆಂದರೆ ಒಂದೆರಡು ಮಿಲಿಮೀಟರ್‌ವರೆಗೆ ಬೆಳೆಯುತ್ತದೆ ಎಂದು ಅವರು ಓದಿದ್ದರು. ವರ್ಷಕ್ಕೆ 0.1 ಮಿಲಿಮೀಟರ್ ಎಂದು ಹಿಡಿದರೆ ಈ ಕೊಳವೆಗೆ 3,000 ವರ್ಷ. 1 ಮಿಲಿಮೀಟರ್ ಎಂದು ಹಿಡಿದರೂ 300 ವರ್ಷ.

ಭದ್ರಾ ಅಣೆಕಟ್ಟೆಯೇ ಕಳೆದ ಶತಮಾನದ ನಡುಭಾಗದ್ದು. ಅದಕ್ಕಿಂತ ಮುಖ್ಯವಾದ ಸಾಕ್ಷ್ಯವನ್ನು ಕೊಟ್ಟವರು ಅಲ್ಲಿಯ ನೀರುಗಂಟಿ. "ಐದು ವರ್ಷದ ಹಿಂದೆ ತಳ ಕೆರೆದು ಪ್ಲಾಸ್ಟರ್ ಮಾಡಿದ್ರು ಸಾರ್, ಆವಾಗ ಇಲ್ಲೊಂದು ಕಡ್ಡಿನೂ ಇರಲಿಲ್ಲ" ಎಂದರು ಅವರು. ಕೊಳವೆಗಳು ಹೊರಟಿದ್ದು ಆ ಹೊಸ ಪ್ಲಾಸ್ಟರಿನ ಮೈಯಿಂದಲೇ ಆಗಿದ್ದುದರಿಂದ ಅವರ ಮಾತನ್ನು ಅನುಮಾನಿಸಲು ಕಾರಣವಿರಲಿಲ್ಲ. ಹಾಗಾದರೆ ಐದು ವರ್ಷದಲ್ಲಿ 30 ಸೆಂಟಿಮೀಟರ್, ಅಂದರೆ ವರ್ಷಕ್ಕೆ 60 ಮಿಲಿಮೀಟರ್. ಗುಹೆಯ ವೇಗಕ್ಕಿಂತ ಹತ್ತಾರರಿಂದ ನೂರಾರು ಪಟ್ಟು ಹೆಚ್ಚು. ಖನಿಜ ಒಂದೇ, ಆಕಾರ ಒಂದೇ, ಹನಿಯುವ ಕ್ರಮವೂ ಒಂದೇ. ಆದರೂ ಇಷ್ಟು ಅಂತರವೇಕೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲು ಗುಹೆಯಲ್ಲಿ ಸುಣ್ಣ ಹೇಗೆ ಕರಗುತ್ತದೆ, ಹೇಗೆ ಮರಳಿ ಕಲ್ಲಾಗುತ್ತದೆ ಎಂಬುದನ್ನು ಅಳತೆಯೊಂದಿಗೆ ತಿಳಿಯಬೇಕು.

ಕರಗಿಸುವುದು ಮಣ್ಣಿನ ಉಸಿರು

ನಮ್ಮ ಜಿಲ್ಲೆಗಳಲ್ಲಿ ಸುಣ್ಣಕಲ್ಲಿನ ದೊಡ್ಡ ಗುಹೆಗಳಿಲ್ಲ. ಚಿತ್ರದುರ್ಗದ ಕೋಟೆ ನಿಂತಿರುವುದು ಸುಮಾರು 260 ಕೋಟಿ ವರ್ಷ ಹಳೆಯ ಗ್ರಾನೈಟ್ ಬಂಡೆಗಳ ಮೇಲೆ. ಅಲ್ಲಿಯ ಗವಿಗಳು ಸೀಳಿ ಉರುಳಿದ ಗುಂಡುಗಳ ನಡುವಿನ ಪೊಳ್ಳುಗಳೇ ಹೊರತು ನೀರು ಕಲ್ಲನ್ನು ಕರಗಿಸಿ ಮಾಡಿದವಲ್ಲ. ಚಂದ್ರವಳ್ಳಿಯ ಅಂಕಲಿ ಮಠದ ನೆಲಗುಹೆಯಂತೂ ಮನುಷ್ಯರು ಕೊರೆದು ರೂಪಿಸಿದ್ದು. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಸುಣ್ಣಕಲ್ಲಿನ ಪದರಗಳು ಇವೆ. ಆದರೆ ಅವು ಬಹುಮಟ್ಟಿಗೆ ಬೇರೆ ಶಿಲೆಗಳ ನಡುವೆ ಸಿಕ್ಕಿಕೊಂಡು, ಮಡಚಿ, ಸಿಲಿಕಾ ಬೆರೆತು ಗಟ್ಟಿಯಾದವು. ಮೇಲೆ ಬೀಳುವ ಮಳೆಯೂ ಕಡಿಮೆ. ಹೀಗಾಗಿ ವಿದ್ಯಾರ್ಥಿಗಳಿಗೆ ಹೋಲಿಕೆಗಾಗಿ ತೋರಿಸಲು ನಾವು ಆರಿಸಿಕೊಂಡದ್ದು ಆಂಧ್ರಪ್ರದೇಶದ ಬೇಲಂ ಗುಹೆ. ಅದು ಕರ್ನೂಲು ಸೀಮೆಯ ನಾರ್ಜಿ ಸುಣ್ಣಕಲ್ಲಿನಲ್ಲಿ ಆದದ್ದು. ಸಮತಟ್ಟಾಗಿ ಹಾಸಿದ, ಹೆಚ್ಚು ಮಡಚಿಕೊಳ್ಳದ ಪದರಗಳ ಆ ಕಲ್ಲು ಅದೇ ಸೀಮೆಯಿಂದ ಬಂದು ನಮ್ಮ ಅಡುಗೆಮನೆಗಳಲ್ಲಿ ಕಡಪ ಕಲ್ಲಾಗಿ ಕೂತಿರುವ ಚಪ್ಪಡಿಗಳ ಬಳಗದ್ದು. ಅದರ ಮೇಲೆ ನಿಂಬೆರಸ ಚೆಲ್ಲಿ ಒರೆಸದೆ ಬಿಟ್ಟರೆ ಹೊಳಪು ಹೋಗಿ ಮಂಕು ಕಲೆ ಉಳಿಯುವುದನ್ನು ಎಲ್ಲರೂ ಕಂಡಿದ್ದಾರೆ. ಆ ಕಲೆಯ ಜಾಗದಲ್ಲಿ ಆಮ್ಲವು ಕಲ್ಲಿನ ತೆಳುಪದರವೊಂದನ್ನು ಕರಗಿಸಿರುತ್ತದೆ. ಗುಹೆಯಲ್ಲಿಯೂ ಕರಗಿಸುವುದು ಆಮ್ಲವೇ, ಆದರೆ ಬಹಳ ದುರ್ಬಲವಾದ ಕಾರ್ಬಾನಿಕ್ ಆಮ್ಲ.

ಕಾರ್ಬನ್ ಡೈಆಕ್ಸೈಡ್ ಇಲ್ಲದ ಶುದ್ಧ ನೀರು ಒಂದು ಲೀಟರಿಗೆ ಸುಮಾರು 14 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟನ್ನು ಮಾತ್ರ ಕರಗಿಸಬಲ್ಲದು. ಗಾಳಿಯಲ್ಲಿ ಈ ಅನಿಲ ಶೇ 0.04ರಷ್ಟಿದೆ, ಅಂಥ ಗಾಳಿಯೊಂದಿಗೆ ಸಮತೋಲಕ್ಕೆ ಬಂದ ಮಳೆನೀರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 50 ಮಿಲಿಗ್ರಾಂ ಕರಗಿಸುತ್ತದೆ. ಇಷ್ಟರಿಂದಲೇ ಗುಹೆ ಆಗುವುದಿದ್ದರೆ ಕೆಲಸ ಬಹಳ ನಿಧಾನವಾಗುತ್ತಿತ್ತು. ಮಳೆನೀರು ಬಂಡೆಯನ್ನು ಮುಟ್ಟುವ ಮೊದಲು ಮಣ್ಣಿನ ಮೂಲಕ ಇಳಿಯುತ್ತದೆ, ಮತ್ತು ಅಲ್ಲಿ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಕಾರ್ಬನ್ ಡೈಆಕ್ಸೈಡ್ ಹೊರಹೋಗಲು ದಾರಿ ಕಾಣದೆ ಶೇ 1ರಷ್ಟಕ್ಕೆ, ಕೆಲವೊಮ್ಮೆ ಅದಕ್ಕೂ ಹೆಚ್ಚಿಗೆ, ಏರಿರುತ್ತದೆ. ಶೇ 1ರ ಅನಿಲದೊಡನೆ ಸಮತೋಲಕ್ಕೆ ಬಂದ ನೀರು ಲೀಟರಿಗೆ ಸುಮಾರು 150 ಮಿಲಿಗ್ರಾಂ ಸುಣ್ಣಕಲ್ಲನ್ನು ಹೊರಬಲ್ಲದು. ಅನಿಲ 25 ಪಟ್ಟು ಹೆಚ್ಚಿದರೂ ಕರಗುವಿಕೆ ಮೂರು ಪಟ್ಟು ಮಾತ್ರ ಹೆಚ್ಚುವುದನ್ನು ಗಮನಿಸಬೇಕು; ಅದು ಅನಿಲದ ಪ್ರಮಾಣದ ಘನಮೂಲವನ್ನು ಅನುಸರಿಸುತ್ತದೆ. ನಡೆಯುವ ಕ್ರಿಯೆ ಇದು:

CaCO₃ + CO₂ + H₂O ⇌ Ca(HCO₃)₂

ಬಲಗಡೆ ಇರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ನೀರಿನಲ್ಲಿ ಕರಗಿದ ಸ್ಥಿತಿಯಲ್ಲಿ ಮಾತ್ರ ಇರುತ್ತದೆ. ಬಾಣ ಎರಡೂ ಕಡೆಗೆ ಇರುವುದೇ ಈ ಇಡೀ ವಿಷಯದ ಜೀವಾಳ. ಅನಿಲ ಹೆಚ್ಚಾದರೆ ಕಲ್ಲು ಕರಗುತ್ತದೆ. ಅನಿಲ ತಪ್ಪಿಸಿಕೊಂಡರೆ ಕಲ್ಲು ಮರಳಿ ಬರುತ್ತದೆ. ನಮ್ಮ ಬೋರ್‌ವೆಲ್ ನೀರನ್ನು ಕಾಯಿಸಿದಾಗ ಹಂಡೆಯ ಒಳಮೈಗೆ ಬಿಳಿ ಪದರ ಕಟ್ಟುವುದು ಇದೇ ಕ್ರಿಯೆ, ಅಲ್ಲಿ ಅನಿಲವನ್ನು ಓಡಿಸುವುದು ಬಿಸಿ. ಹಿರಿಯೂರು, ಚಳ್ಳಕೆರೆ, ಜಗಳೂರು ಕಡೆಯ ಕಪ್ಪು ಮಣ್ಣಿನಲ್ಲಿ ಸಿಗುವ ಸುಣ್ಣದ ಗಂಟುಗಳೂ ಮೇಲ್ಪದರದಲ್ಲಿ ಕರಗಿ ಕೆಳಪದರದಲ್ಲಿ ಮರಳಿ ಕಲ್ಲಾದ ಕ್ಯಾಲ್ಸಿಯಂ ಕಾರ್ಬೊನೇಟೇ. ಅಲ್ಲಿ ಇಳಿದ ನೀರು ಆಳಕ್ಕೆ ಹೋಗುವಷ್ಟು ಮಳೆ ಇಲ್ಲದೆ, ಬೇರುಗಳು ನೀರನ್ನು ಹೀರಿಕೊಂಡಾಗ, ಸುಣ್ಣ ಇದ್ದಲ್ಲಿಯೇ ಕೂರುತ್ತದೆ.

ಇಲ್ಲಿ ಒಂದು ತೊಡಕಿದೆ, ಮತ್ತು ವಿದ್ಯಾರ್ಥಿಯೊಬ್ಬಳು ಅದನ್ನು ತಾನಾಗಿಯೇ ಎತ್ತಿದಳು. ಮಣ್ಣಿನಿಂದ ಇಳಿದ ನೀರು ಬಂಡೆಯ ಮೊದಲ ಒಂದೆರಡು ಅಡಿಯಲ್ಲಿಯೇ ತನ್ನ ಪಾಲಿನ 150 ಮಿಲಿಗ್ರಾಂ ಕರಗಿಸಿ ತಣ್ಣಗಾಗಿಬಿಟ್ಟರೆ, ನೆಲದಡಿ ನೂರಾರು ಅಡಿ ದೂರ ಹೋಗಿ ಸುರಂಗ ಕೊರೆಯಲು ಅದಕ್ಕೆ ಶಕ್ತಿ ಎಲ್ಲಿ ಉಳಿಯಿತು? ಉತ್ತರ ಕರಗುವಿಕೆಯ ವೇಗದಲ್ಲಿದೆ. ನೀರು ತುಂಬಿಕೊಳ್ಳಬಲ್ಲ ಮಿತಿಯ ಹತ್ತಿರ ಬಂದಂತೆ ಈ ವೇಗ ಸಮಪ್ರಮಾಣದಲ್ಲಿ ಇಳಿಯದೆ ಒಮ್ಮೆಲೇ ಕುಸಿಯುತ್ತದೆ. ಕೊನೆಯ ಸ್ವಲ್ಪ ಹಸಿವನ್ನು ಉಳಿಸಿಕೊಂಡೇ ನೀರು ಬಿರುಕುಗಳ ಆಳಕ್ಕೆ ಸಾಗುತ್ತದೆ, ಮತ್ತು ಬಿರುಕಿನ ಉದ್ದಕ್ಕೂ ಅಳತೆಗೆ ಸಿಗದಷ್ಟು ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ. ಇದರ ಜೊತೆಗೆ, ಬೇರೆ ಬೇರೆ ಮಣ್ಣಿನಿಂದ ಬಂದ, ಎರಡೂ ತಮ್ಮ ತಮ್ಮ ಮಿತಿ ಮುಟ್ಟಿದ ನೀರುಗಳು ಆಳದಲ್ಲಿ ಒಂದಕ್ಕೊಂದು ಬೆರೆತರೆ, ಬೆರೆತ ನೀರು ಮತ್ತೆ ಕರಗಿಸುವ ಗುಣ ಪಡೆಯುತ್ತದೆ; ಘನಮೂಲದ ನಿಯಮದ ನೇರ ಪರಿಣಾಮವಿದು. ಕೂದಲೆಳೆಯಷ್ಟಿದ್ದ ಬಿರುಕು ಹೀಗೆ ಸಾವಿರಾರು ವರ್ಷಗಳಲ್ಲಿ ಸುಮಾರು ಒಂದು ಸೆಂಟಿಮೀಟರ್ ಅಗಲವಾದ ಬಳಿಕ ನೀರಿನ ಹರಿವು ರಭಸಗೊಂಡು, ಅಲ್ಲಿಂದ ಮುಂದೆ ಹಿಗ್ಗುವುದು ಬೇಗ ನಡೆಯುತ್ತದೆ. ಯಾವ ಬಿರುಕು ಮೊದಲು ಈ ಹಂತ ಮುಟ್ಟುತ್ತದೋ ಅದು ಸುತ್ತಲಿನ ನೀರನ್ನೆಲ್ಲ ತನ್ನ ಕಡೆ ಸೆಳೆದುಕೊಳ್ಳುವುದರಿಂದ ಉಳಿದವು ಹಾಗೆಯೇ ಉಳಿಯುತ್ತವೆ.

ಬೇಲಂನಲ್ಲಿ ಇದು ಕಣ್ಣಿಗೆ ಕಾಣುತ್ತದೆ. 1884ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದನ್ನು ದಾಖಲಿಸಿದ್ದರು. 1980ರ ದಶಕದ ಮೊದಲ ವರ್ಷಗಳಲ್ಲಿ ಡೇನಿಯಲ್ ಗೆಬಾವರ್ ನೇತೃತ್ವದ ಜರ್ಮನ್ ತಂಡ ವಿವರವಾಗಿ ಅಳೆಯಿತು. ಅಳೆದ ಉದ್ದ 3,229 ಮೀಟರ್. ಹೊಲದ ನಡುವಿನ ಬಾವಿಯಂಥ ಕುಸಿತದಿಂದ ಇಳಿದು ಒಳನಡೆದರೆ, ಅನೇಕ ಕಡೆ ಗೋಡೆಗಳು ನುಣುಪಾಗಿ, ದುಂಡಗೆ, ಅಲೆಯಲೆಯಾಗಿ ತಿರುಗಿರುವುದು ತಿಳಿಯುತ್ತದೆ. ಅಂಥ ಮೈ ಬರುವುದು ಸುರಂಗ ನೀರಿನಿಂದ ತುಂಬಿ ಹರಿದಾಗ. ಅಂದರೆ ಗುಹೆ ಕೊರೆಯುವ ಕಾಲದಲ್ಲಿ ಅದರೊಳಗೆ ಗಾಳಿಗೆ ಜಾಗವಿರಲಿಲ್ಲ, ಸ್ಟ್ಯಾಲಕ್ಟೈಟ್ ಇರುವುದು ಸಾಧ್ಯವೇ ಇರಲಿಲ್ಲ. ಅಂತರ್ಜಲ ಕೆಳಗಿಳಿದು, ನೀರು ಪಾತಾಳಗಂಗೆಯೆಂದು ಕರೆಯುವ ತಳದ ತೊರೆಗೆ ಸರಿದು, ಮೇಲಿನ ಮಜಲುಗಳಲ್ಲಿ ಗಾಳಿ ತುಂಬಿದ ಮೇಲೆಯೇ ಮರುಶೇಖರಣೆ ಶುರುವಾಯಿತು. ಕೊರೆಯುವುದು ಒಂದು ಯುಗ, ಕಟ್ಟುವುದು ಇನ್ನೊಂದು ಯುಗ. ಇವೆರಡನ್ನೂ ಒಟ್ಟಿಗೆ ನಡೆದಂತೆ ಚಿತ್ರಿಸುವ ಪಠ್ಯಗಳು ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹನಿಯ ಅಂಚಿನಲ್ಲಿ ನಡೆಯುವುದು

ಈಗ ಗುಹೆಯ ಚಾವಣಿಯಲ್ಲಿ ತೂಗುವ ಒಂದು ಹನಿಯನ್ನು ನೋಡೋಣ. ಅದು ಶೇ 1ರ ಅನಿಲವಿದ್ದ ಮಣ್ಣಿನಿಂದ 150 ಮಿಲಿಗ್ರಾಂ ಲೆಕ್ಕದಲ್ಲಿ ಸುಣ್ಣ ಹೊತ್ತು ಬಂದಿದೆ. ಗುಹೆಯ ಗಾಳಿಯಲ್ಲಿ ಅನಿಲ ಶೇ 0.2ರಷ್ಟಿದೆ ಎಂದುಕೊಂಡರೆ, ಆ ಗಾಳಿಯೊಂದಿಗೆ ಸಮತೋಲದಲ್ಲಿ ನೀರು ಉಳಿಸಿಕೊಳ್ಳಬಲ್ಲದ್ದು ಲೀಟರಿಗೆ ಸುಮಾರು 90 ಮಿಲಿಗ್ರಾಂ. ಹನಿಯಿಂದ ಅನಿಲ ಕೆಲವೇ ಸೆಕೆಂಡುಗಳಲ್ಲಿ ಹೊರಬೀಳುತ್ತದೆ. ಹೆಚ್ಚಾದ 60 ಮಿಲಿಗ್ರಾಂ ಕಲ್ಲಾಗಬೇಕು. ಆದರೆ ಹರಳು ಕಟ್ಟುವುದು ಅಷ್ಟು ಬೇಗ ನಡೆಯುವ ಕೆಲಸವಲ್ಲ. ತೆಳುವಾದ ನೀರಿನ ಪದರದಲ್ಲೂ ಅದಕ್ಕೆ ಹಲವಾರು ನಿಮಿಷ ಬೇಕು, ದಪ್ಪ ಹನಿಯಲ್ಲಿ ಇನ್ನೂ ಹೆಚ್ಚು. ಅಷ್ಟರಲ್ಲಿ ಹನಿ ಜಾರಿ ಬಿದ್ದಿರುತ್ತದೆ. ತನ್ನ ಹೊರೆಯ ಚೂರು ಭಾಗವನ್ನು ಮಾತ್ರ ಅದು ಮೇಲೆ ಬಿಟ್ಟು, ಉಳಿದದ್ದನ್ನು ನೆಲದ ಮೇಲೆ ಹರಡಿಕೊಂಡು ಬಿಡುತ್ತದೆ. ಮೇಲಿನ ಸ್ಟ್ಯಾಲಕ್ಟೈಟಿನ ಅಡಿಯಲ್ಲಿ ಸ್ಟ್ಯಾಲಗ್ಮೈಟ್ ಎದ್ದು ಬರುವುದಕ್ಕೂ, ಅದು ಸಾಮಾನ್ಯವಾಗಿ ಹೆಚ್ಚು ದಪ್ಪವಾಗಿರುವುದಕ್ಕೂ ಇದೇ ಕಾರಣ.

ಮೇಲೆ ಉಳಿದ ಆ ಚೂರು ಎಲ್ಲಿ ಕೂರುತ್ತದೆ ಎಂಬುದು ಆಕಾರವನ್ನು ನಿರ್ಧರಿಸುತ್ತದೆ. ಹನಿಯು ಕಲ್ಲನ್ನು ಹಿಡಿದುಕೊಂಡಿರುವ ಅಂಚಿನಲ್ಲಿ ನೀರು, ಗಾಳಿ, ಕಲ್ಲು ಮೂರೂ ಸಂಧಿಸುತ್ತವೆ, ಅಲ್ಲಿ ನೀರಿನ ಪದರ ಅತ್ಯಂತ ತೆಳುವಾಗಿರುತ್ತದೆ. ಹರಳು ಮೊದಲು ಕಟ್ಟುವುದು ಅಲ್ಲಿಯೇ, ಒಂದು ಉಂಗುರವಾಗಿ. ಮುಂದಿನ ಹನಿ ಆ ಉಂಗುರದ ನಡುವಿನಿಂದ ಇಳಿದು ಉಂಗುರದ ಕೆಳಗೆ ತೂಗುತ್ತದೆ, ಅಲ್ಲಿ ಮತ್ತೊಂದು ಉಂಗುರ. ಉಂಗುರದ ಕೆಳಗೆ ಉಂಗುರ ಸೇರಿ ಟೊಳ್ಳು ಕೊಳವೆಯಾಗುತ್ತದೆ. ಅದರ ವ್ಯಾಸವನ್ನು ನಿರ್ಧರಿಸುವುದು ಹನಿಯ ಗಾತ್ರ, ಹನಿಯ ಗಾತ್ರವನ್ನು ನಿರ್ಧರಿಸುವುದು ನೀರಿನ ಮೇಲ್ಮೈ ಎಳೆತ. ಅದು ಬೇಲಂನಲ್ಲೂ ದಾವಣಗೆರೆಯಲ್ಲೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಎರಡೂ ಕಡೆಯ ಕೊಳವೆಗಳು 5 ಮಿಲಿಮೀಟರ್ ಆಸುಪಾಸೇ ಇರುತ್ತವೆ. ಆಕಾರದ ಹೋಲಿಕೆ ವಯಸ್ಸಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೊಳವೆಯ ತೂತು ಮಣ್ಣಿನ ಕಣದಿಂದಲೋ ಹರಳಿನಿಂದಲೋ ಮುಚ್ಚಿದಾಗ ನೀರು ಹೊರಮೈಯಲ್ಲಿ ಇಳಿಯತೊಡಗಿ, ಬುಡ ದಪ್ಪವಾಗಿ ತುದಿ ಚೂಪಾಗಿ, ನಾವು ಚಿತ್ರಗಳಲ್ಲಿ ಕಾಣುವ ಸ್ಟ್ಯಾಲಕ್ಟೈಟ್ ಆಗುತ್ತದೆ.

ನೀರು ಆವಿಯಾಗಿ ಹೋಗಿ ಸುಣ್ಣ ಉಳಿಯುತ್ತದೆ ಎಂಬ ವಿವರಣೆ ನಮ್ಮಲ್ಲಿ ಬಹಳ ಪ್ರಚಲಿತ. ಗುಹೆಯ ಬಾಯಿಯ ಹತ್ತಿರ, ಒಣಗಾಳಿ ಆಡುವಲ್ಲಿ ಅದಕ್ಕೂ ಪಾಲಿದೆ, ಮತ್ತು ಅಲ್ಲಿ ಕೂರುವ ಸುಣ್ಣ ಒರಟಾಗಿ, ಪುಡಿಪುಡಿಯಾಗಿ, ಗುಳ್ಳೆಗುಳ್ಳೆಯಾಗಿ ಇರುತ್ತದೆ. ಆಳದಲ್ಲಿ ಗಾಳಿಯ ತೇವಾಂಶ ಶೇ 100ರ ಹತ್ತಿರ ಇರುವುದರಿಂದ ಆವಿಯಾಗುವುದು ಅತ್ಯಲ್ಪ. ಅಲ್ಲಿಯ ಹೊಳಪಿನ, ಗಟ್ಟಿ ಹರಳಿನ ಕೊಳವೆಗಳನ್ನು ಕಟ್ಟುವುದು ಹೊರಹೋಗುವ ಅನಿಲವೇ.

ಮೇಲ್ಗಾಲುವೆಯ ನೀರು ಹೇಳಿದ್ದು

ದಾವಣಗೆರೆಯ ಕೊಳವೆಗೆ ಮರಳೋಣ. ಅದರ ತುದಿಯಿಂದ ಸರಾಸರಿ ಐದು ನಿಮಿಷಕ್ಕೊಂದು ಹನಿ ಬೀಳುತ್ತಿತ್ತು. ಹನಿಗಳನ್ನು ಅಳತೆಗೊಳವೆಯಲ್ಲಿ ಹಿಡಿದು ಎಣಿಸಿದಾಗ ಒಂದು ಮಿಲಿಲೀಟರಿಗೆ ಸುಮಾರು 15 ಹನಿ ಬಂದವು. ದಿನಕ್ಕೆ 288 ಹನಿ, ಅಂದರೆ ಸುಮಾರು 19 ಮಿಲಿಲೀಟರ್. ನಾಲೆಯಲ್ಲಿ ವರ್ಷವಿಡೀ ನೀರಿರುವುದಿಲ್ಲ. ಸೋರಿಕೆ ವರ್ಷಕ್ಕೆ 180 ದಿನ ಎಂದು ಹಿಡಿದರೆ ಐದು ವರ್ಷಕ್ಕೆ ಒಟ್ಟು 17 ಲೀಟರ್ ನೀರು ಈ ಕೊಳವೆಯಿಂದ ಹನಿದಿದೆ. ಗುಹೆಯ ನೀರಿನಂತೆ ಇದೂ ಲೀಟರಿಗೆ 60 ಮಿಲಿಗ್ರಾಂ ಬಿಟ್ಟುಕೊಡುತ್ತಿತ್ತು ಎಂದಾದರೆ, ಒಂದು ಕಣವೂ ನೆಲಕ್ಕೆ ಬೀಳದೆ ಎಲ್ಲವೂ ಕೊಳವೆಯಲ್ಲಿಯೇ ಕೂತರೂ ಸಿಗುವುದು ಸುಮಾರು 1 ಗ್ರಾಂ. ಉದುರಿದ ತುಂಡುಗಳನ್ನು ತೂಗಿ, ಉದ್ದಕ್ಕೆ ಹೊಂದಿಸಿ ಲೆಕ್ಕ ಹಾಕಿದಾಗ 30 ಸೆಂಟಿಮೀಟರ್ ಕೊಳವೆಯ ತೂಕ ಸುಮಾರು 2.4 ಗ್ರಾಂ ಬಂತು. ಗುಹೆಯ ರಸಾಯನ ಇಲ್ಲಿ ಸಾಲದು ಎಂಬುದು ಈ ಒಂದು ಹೋಲಿಕೆಯಿಂದಲೇ ಸ್ಪಷ್ಟವಾಯಿತು. ಸುಣ್ಣ ಬೇರೆ ಯಾವುದೋ ದಾರಿಯಿಂದ, ಹೆಚ್ಚು ಪ್ರಮಾಣದಲ್ಲಿ ಬಂದಿರಬೇಕು.

ಆ ದಾರಿ ಸಿಮೆಂಟಿನದು. ಸಿಮೆಂಟ್ ನೀರಿನೊಂದಿಗೆ ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಾವು ಅರಳಿಸಿದ ಸುಣ್ಣವೆಂದು ಬಲ್ಲ ವಸ್ತು, ಕಾಂಕ್ರೀಟಿನೊಳಗೆ ಉಳಿಯುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟಿನಂತಲ್ಲದೆ ಇದು ಯಾವ ಆಮ್ಲದ ನೆರವೂ ಇಲ್ಲದೆ ಲೀಟರಿಗೆ 1.6 ಗ್ರಾಂವರೆಗೆ ಕರಗುತ್ತದೆ. ಬಿರುಕಿನಲ್ಲಿ ನಿಧಾನವಾಗಿ ಇಳಿಯುವ ನಾಲೆಯ ನೀರು ಅದನ್ನು ಕರಗಿಸಿಕೊಂಡು ತಳಕ್ಕೆ ಬರುತ್ತದೆ, ಗಾಳಿಗೆ ಮುಖ ಒಡ್ಡುತ್ತದೆ, ಆಗ ನಡೆಯುವುದು ಇದು:

Ca(OH)₂ + CO₂ → CaCO₃ + H₂O

ಮೊದಲಿನ ಸಮೀಕರಣದ ಜೊತೆ ಇದನ್ನು ಇಟ್ಟು ನೋಡಿದರೆ ಈ ಪ್ರಕರಣದ ತಿರುಳು ಸಿಗುತ್ತದೆ. ಗುಹೆಯ ಹನಿ ಕಾರ್ಬನ್ ಡೈಆಕ್ಸೈಡನ್ನು ಹೊರಬಿಟ್ಟು ಕಲ್ಲಾಗುತ್ತದೆ. ಮೇಲ್ಗಾಲುವೆಯ ಹನಿ ಅದೇ ಅನಿಲವನ್ನು ಗಾಳಿಯಿಂದ ಒಳಕ್ಕೆ ಎಳೆದುಕೊಂಡು ಕಲ್ಲಾಗುತ್ತದೆ. ಅನಿಲದ ದಿಕ್ಕೇ ತಿರುಗಿದೆ. ಕೋಟೆಕಾಲದ ಗಾರೆ ಗಟ್ಟಿಯಾದದ್ದೂ ಈ ಎರಡನೆಯ ಕ್ರಿಯೆಯಿಂದಲೇ. ಭಟ್ಟಿಯಲ್ಲಿ ಸುಮಾರು 900 ಡಿಗ್ರಿಗೆ ಸುಟ್ಟು ಓಡಿಸಿದ ಅನಿಲವನ್ನು ಅರಳಿದ ಸುಣ್ಣವು ಗೋಡೆಯಲ್ಲಿ ಕೂತು ವರ್ಷಗಟ್ಟಲೆ ಗಾಳಿಯಿಂದ ಮರಳಿ ಪಡೆಯುತ್ತದೆ.

ಇದನ್ನು ಸ್ಥಳದಲ್ಲಿಯೇ ಪರೀಕ್ಷಿಸುವುದು ಸುಲಭ. ಹನಿಯನ್ನು ನೇರವಾಗಿ ಪಿಎಚ್ ಕಾಗದದ ಮೇಲೆ ಹಿಡಿದಾಗ ಬಣ್ಣ 11 ಮತ್ತು 12ರ ನಡುವೆ ನಿಂತಿತು. ಕ್ಷಾರವನ್ನು ಬಣ್ಣದಿಂದ ತೋರಿಸುವ ಫಿನಾಲ್ಫ್‌ಥಲೀನ್ ಹಾಕಿದ ಕೂಡಲೇ ಗಾಢ ಗುಲಾಬಿಯಾಯಿತು. ಗುಹೆಯ ಹನಿನೀರಿನ ಪಿಎಚ್ ಸಾಮಾನ್ಯವಾಗಿ 7ರಿಂದ 8.5ರ ನಡುವೆ ಇರುತ್ತದೆ, ಅಲ್ಲಿ ಫಿನಾಲ್ಫ್‌ಥಲೀನ್ ಬಣ್ಣ ಬರುವುದಿಲ್ಲ, ಬಂದರೂ ತೀರ ಮಾಸಲು. ಗಾಳಿ ಇಲ್ಲದಂತೆ ತುಂಬಿಸಿದ ಸೀಸೆಯನ್ನು ಕಾಲೇಜಿಗೆ ತಂದು ಆಮ್ಲದೊಂದಿಗೆ ಟೈಟ್ರೇಷನ್ ಮಾಡಿದಾಗ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 300 ಮಿಲಿಗ್ರಾಂ ಬಂತು. 17 ಲೀಟರಿಗೆ 5.1 ಗ್ರಾಂ. ಅದರಲ್ಲಿ 2.4 ಗ್ರಾಂ ಕೊಳವೆಯಲ್ಲಿ ಇದೆ. ಉಳಿದದ್ದರ ಗುರುತಾಗಿ ಕೆಳಗಿನ ಕಲ್ಲಿನ ಮೇಲೆ ಅಂಗೈಯಗಲದ ಬಿಳಿ ಪದರ ಕಟ್ಟಿತ್ತು. ಲೆಕ್ಕ ಒರಟಾದದ್ದು, ಹನಿಯುವ ವೇಗ ಐದು ವರ್ಷವೂ ಒಂದೇ ಇತ್ತೆಂದು ಹೇಳಲಾಗದು, ಆದರೂ ಜಮೆ ಖರ್ಚು ಹೊಂದುತ್ತದೆ. ಗುಹೆಯ ಲೆಕ್ಕದಲ್ಲಿ ಅದು ಯಾವ ರೀತಿಯಲ್ಲೂ ಹೊಂದುತ್ತಿರಲಿಲ್ಲ.

ನೀರನ್ನು ತರುವ ರೀತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ವಿದ್ಯಾರ್ಥಿಗಳ ಇನ್ನೊಂದು ಗುಂಪು ಅರ್ಧ ತುಂಬಿದ ಸೀಸೆಯಲ್ಲಿ ಅದೇ ನೀರನ್ನು ತಂದು ಮರುದಿನ ಅಳೆಯಿತು. ನೀರಿನ ಮೇಲೆ ತೆಳ್ಳನೆಯ ಬಿಳಿ ಕೆನೆ ತೇಲುತ್ತಿತ್ತು, ಪಿಎಚ್ ಗಮನಾರ್ಹವಾಗಿ ಇಳಿದಿತ್ತು. ಗಾಳಿಯ ಅನಿಲವನ್ನು ನೀರು ಹೀರಿಕೊಂಡು, ಕೊಳವೆಯಲ್ಲಿ ಆಗಬೇಕಿದ್ದ ಕ್ರಿಯೆ ಸೀಸೆಯಲ್ಲಿಯೇ ನಡೆದಿತ್ತು. ಗುಹೆಯ ನೀರನ್ನು ಹೀಗೆ ಇಟ್ಟರೆ ಅನಿಲ ಹೊರಹೋಗುವುದರಿಂದ ಪಿಎಚ್ ಏರುತ್ತದೆ. ಸೀಸೆಯಲ್ಲಿ ಇಟ್ಟ ನೀರಿನ ಪಿಎಚ್ ಏರಿತೋ ಇಳಿಯಿತೋ ಎಂಬುದೇ ಎರಡು ದಾರಿಗಳನ್ನು ಬೇರ್ಪಡಿಸುವ ಒಳ್ಳೆಯ ಪರೀಕ್ಷೆಯಾಗಬಲ್ಲದು, ಅದಕ್ಕೆ ಉಪಕರಣವೂ ಹೆಚ್ಚೇನು ಬೇಡ.

ಈ ಪರೀಕ್ಷೆಗೂ ಮಿತಿಯಿದೆ. ಹಳೆಯ ಸೋರಿಕೆಯಲ್ಲಿ ಬಿರುಕಿನ ಗೋಡೆಯ ಸುಣ್ಣವೆಲ್ಲ ಕರಗಿ ಹೋಗಿ ಅಥವಾ ಕಾರ್ಬೊನೇಟಾಗಿ ತಿರುಗಿ ಮುಗಿದ ಬಳಿಕ, ಇಳಿಯುವ ನೀರಿನ ಪಿಎಚ್ 9ಕ್ಕಿಂತ ಕೆಳಗೆ ಬರುತ್ತದೆ. ಆಗ ಕಾಂಕ್ರೀಟಿನ ಕೆಳಗೂ ಗುಹೆಯ ಕ್ರಿಯೆಯೇ ನಡೆಯುತ್ತದೆ, ಬೆಳವಣಿಗೆಯೂ ಆ ನಿಧಾನಕ್ಕೆ ಇಳಿಯುತ್ತದೆ. ನೂರು ವರ್ಷ ಕಳೆದ ಸುಣ್ಣದ ಗಾರೆಯ ಕಟ್ಟಡದ ಅಡಿಯಲ್ಲಿ ಕಾಣುವ ಕೊಳವೆಗಳನ್ನು ಹೀಗೆಯೇ ಅರ್ಥ ಮಾಡಿಕೊಳ್ಳಬೇಕು, ಏಕೆಂದರೆ ಅಲ್ಲಿಯ ಗಾರೆ ಬಹುಪಾಲು ಸುಣ್ಣಕಲ್ಲೇ ಆಗಿರುತ್ತದೆ. ಹನಿಯುವ ವೇಗವೂ ಲೆಕ್ಕಕ್ಕೆ ಬರುತ್ತದೆ. ಒಂದು ಹನಿಗೂ ಇನ್ನೊಂದಕ್ಕೂ ನಡುವೆ ಒಂದು ನಿಮಿಷವೂ ಸಿಗದಿದ್ದರೆ ಸುಣ್ಣ ಮೇಲೆ ಕೂರಲು ಸಮಯವಿಲ್ಲದೆ ನೆಲಕ್ಕೇ ಹೋಗುತ್ತದೆ. ಅದೇ ಬಿರುಕಿನ ಇನ್ನೊಂದು ತುದಿಯಲ್ಲಿ ನೀರು ಜೋರಾಗಿ ಸೋರುತ್ತಿದ್ದಲ್ಲಿ ಕೊಳವೆ ಬೆರಳುದ್ದವೂ ಬೆಳೆದಿರಲಿಲ್ಲ; ನೆಲದ ಮೇಲಿನ ಬಿಳಿ ಪದರ ಮಾತ್ರ ಅಲ್ಲಿ ಹೆಚ್ಚು ದಪ್ಪವಾಗಿತ್ತು.

ಉದ್ದದಿಂದ ವಯಸ್ಸು ಹೇಳಲಾಗದಾದರೆ

ಗುಹೆಯೊಳಗಿನ ರಚನೆಗಳಿಗೂ ಉದ್ದದಿಂದ ವಯಸ್ಸು ಹೇಳುವುದು ಸುರಕ್ಷಿತವಲ್ಲ ಎಂಬುದು ಈಗ ವಿದ್ಯಾರ್ಥಿಗಳಿಗೆ ಮನವರಿಕೆಯಾಯಿತು. ಮಳೆ, ಮಣ್ಣಿನ ಅನಿಲ, ಗುಹೆಯ ಗಾಳಿಯ ಓಡಾಟ, ಹನಿಯ ನಡುವಿನ ಬಿಡುವು, ಇವುಗಳಲ್ಲಿ ಯಾವುದು ಬದಲಾದರೂ ವೇಗ ಬದಲಾಗುತ್ತದೆ, ನಡುವೆ ಶತಮಾನಗಟ್ಟಲೆ ಬೆಳವಣಿಗೆ ನಿಂತೂ ಇರಬಹುದು. ಬೇಲಂನಲ್ಲಿಯೇ ಇಂದು ಅನೇಕ ರಚನೆಗಳು ಒಣಗಿವೆ. ನಿಜವಾದ ವಯಸ್ಸನ್ನು ಹೇಳುವುದು ಯುರೇನಿಯಂ ಮತ್ತು ಥೋರಿಯಂ. ಯುರೇನಿಯಂ ನೀರಿನಲ್ಲಿ ಕರಗಿ ಬಂದು ಹರಳಿನೊಳಗೆ ಅತ್ಯಲ್ಪ ಪ್ರಮಾಣದಲ್ಲಿ ಸೇರುತ್ತದೆ, ಥೋರಿಯಂ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಆದ್ದರಿಂದ ಹರಳು ಕಟ್ಟಿದ ದಿನ ಅದರೊಳಗೆ ಥೋರಿಯಂ ಬಹುತೇಕ ಶೂನ್ಯ, ಅನಂತರ ಯುರೇನಿಯಂ ಕ್ಷಯಿಸಿದಂತೆ ಅದು ಸೇರುತ್ತಾ ಹೋಗುತ್ತದೆ, ಅವೆರಡರ ಅನುಪಾತದಿಂದ ಸುಮಾರು 5 ಲಕ್ಷ ವರ್ಷಗಳವರೆಗಿನ ವಯಸ್ಸನ್ನು ತಿಳಿಯಬಹುದು. ಮೇಘಾಲಯದ ಮಾಮ್‌ಲುಹ್ ಗುಹೆಯ ಸ್ಟ್ಯಾಲಗ್ಮೈಟೊಂದರ ಪದರಗಳನ್ನು ಹೀಗೆ ಕಾಲಕ್ಕೆ ಹೊಂದಿಸಿದ್ದರಿಂದಲೇ ಸುಮಾರು 4,200 ವರ್ಷಗಳ ಹಿಂದಿನ ಮಳೆಯ ಕುಸಿತವನ್ನು ಗುರುತಿಸಿ, 2018ರಲ್ಲಿ ಭೂಇತಿಹಾಸದ ಇತ್ತೀಚಿನ ಅವಧಿಗೆ ಮೇಘಾಲಯನ್ ಎಂಬ ಹೆಸರನ್ನು ಅಧಿಕೃತಗೊಳಿಸಲಾಯಿತು. ಆ ಕೆಲಸಕ್ಕೆ ಬೇಕಾದದ್ದು ರಚನೆಯ ಉದ್ದವಲ್ಲ, ಒಳಗಿನ ಪದರಗಳು.

ಮೇಲ್ಗಾಲುವೆಯ ಮಟ್ಟಿಗೆ ಕೊಳವೆಗಳು ಇನ್ನೊಂದು ವಿಷಯವನ್ನೂ ತಿಳಿಸುತ್ತವೆ, ಅದನ್ನು ನಾವು ಅಲ್ಲಿಯ ಎಂಜಿನಿಯರಿಗೆ ಬರೆದು ಕೊಟ್ಟಿದ್ದೇವೆ. ಕೊಳವೆ ಬೆಳೆಯುತ್ತಿದೆ ಎಂದರೆ ಬಿರುಕಿನ ಸುತ್ತಲಿನ ಕಾಂಕ್ರೀಟು ತನ್ನ ಸುಣ್ಣವನ್ನು ಕಳೆದುಕೊಳ್ಳುತ್ತಿದೆ. ಒಳಗಿನ ಉಕ್ಕಿನ ಸರಳುಗಳಿಗೆ ತುಕ್ಕು ಹಿಡಿಯದಂತೆ ಕಾಯುತ್ತಿರುವುದು ಆ ಸುಣ್ಣದ ಕ್ಷಾರಗುಣವೇ. ಹನಿಯ ಪಿಎಚ್ ಈಗ 11ಕ್ಕಿಂತ ಮೇಲಿರುವವರೆಗೆ ಆ ಕಾವಲು ಇನ್ನೂ ಇದೆ ಎಂದು ಭಾವಿಸಬಹುದು. ಅದು 9ರ ಕಡೆಗೆ ಇಳಿದು, ಬಿಳಿಯ ಕೊಳವೆಯ ಬುಡದಲ್ಲಿ ಕಂದು ಬಣ್ಣದ ಗೆರೆ ಕಾಣಿಸಿದರೆ ಸರಳಿಗೆ ತುಕ್ಕು ಹತ್ತಿದೆ ಎಂದು ತಿಳಿಯಬೇಕು. ಅದಕ್ಕಾಗಿ ಬಿರುಕಿನ ಎರಡೂ ತುದಿಗೆ ಬಣ್ಣದಲ್ಲಿ ಗುರುತು ಹಾಕಿದ್ದು, ನಾಲೆಗೆ ನೀರು ಬಿಟ್ಟ ಮೊದಲ ವಾರದಲ್ಲಿ ಮತ್ತು ನಿಲ್ಲಿಸುವ ಮೊದಲು ಹನಿಯ ಪಿಎಚ್ ಮತ್ತು ಕೊಳವೆಗಳ ಉದ್ದವನ್ನು ದಾಖಲಿಸುವಂತೆ ನೀರುಗಂಟಿಯವರಿಗೆ ಒಂದು ಪುಸ್ತಕ ಮತ್ತು ಪಿಎಚ್ ಕಾಗದದ ಸುರುಳಿಯನ್ನು ಕೊಡಲಾಗಿದೆ. ಬಿರುಕನ್ನು ತಳದಿಂದ ಪ್ಲಾಸ್ಟರ್ ಮಾಡುವುದರಿಂದ ಪ್ರಯೋಜನವಿಲ್ಲ. ನೀರು ಒಳಬರುವುದು ಮೇಲಿನಿಂದ, ಆದ್ದರಿಂದ ನಾಲೆ ಬತ್ತಿದಾಗ ಒಳಮೈಯ ಬಿರುಕನ್ನು ಮುಚ್ಚಬೇಕು.